ಮೊದಲ ಕವಿತೆ ಮತ್ತು ಮನೆಯವರೆದುರಿನ ನಾಚಿಕೆ

ನಂಜನಗೂಡು ತಾಲ್ಲೂಕಿನ ಒಂದು ಗ್ರಾಮದ ನಲವತ್ತಾರು ವರ್ಷದ ಗೃಹಿಣಿಯೊಬ್ಬರು ಎದೆಬಡಿತ ಹಾಗೂ ನಿದ್ರಾಹೀನತೆಯೆಂದು ವೈದ್ಯರಲ್ಲಿಗೆ ಹೋಗಿದ್ದರು. ಹೃದಯದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ರಕ್ತಹೀನತೆಯ ಪರೀಕ್ಷೆ ಎಲ್ಲವೂ ಸರಿಯಾಗಿದ್ದುದರಿಂದ ವೈದ್ಯರು ಅವರನ್ನು ಆಪ್ತಸಲಹೆಗಾಗಿ ನನ್ನಲ್ಲಿಗೆ ಕಳುಹಿಸಿದರು. ಎರಡನೆಯ ಭೇಟಿಯಲ್ಲಿ ಅವರು ಚೀಲದಿಂದ ಹಾಲಿನ ಲೆಕ್ಕದ ಪುಸ್ತಕವೊಂದನ್ನು ತೆಗೆದರು. ಅದರ ಕೊನೆಯ ಹಾಳೆಗಳಲ್ಲಿ ಹದಿನಾಲ್ಕು ಸಾಲಿನ ಒಂದು ಕವಿತೆ ಇತ್ತು. ಅವರ ಬದುಕಿನ ಮೊದಲ ಕವಿತೆ ಅದು. ಬರೆದು ಎರಡು ತಿಂಗಳಾಗಿತ್ತು. ಅಂದಿನಿಂದ ಪ್ರತಿ ರಾತ್ರಿ ಅದನ್ನು ಮನೆಯವರಿಗೆ ಓದಿ ಹೇಳಬೇಕೆಂದು ನಿಶ್ಚಯಿಸುವುದು, ಮರುದಿನ ಪುಸ್ತಕವನ್ನು ಅಕ್ಕಿಯ ಡಬ್ಬದ ಹಿಂದೆ ಮರೆಮಾಡುವುದು, ಹೀಗೆಯೇ ನಡೆದಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಪ್ರಸಂಗವನ್ನೇ ಮುಂದಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಕವಿತೆಯ ವಸ್ತು ಅವರ ತಂದೆ. ಟಿ. ನರಸೀಪುರದ ಕಡೆಯ ರೈತರಾಗಿದ್ದ ಅವರು ಎರಡು ವರ್ಷಗಳ ಹಿಂದೆ ಲಿಂಗೈಕ್ಯರಾದರು. ಅವರ ಕುಡುಗೋಲು ಹಜಾರದ ತೊಲೆಗೆ ಸಿಕ್ಕಿಸಿದಂತೆಯೇ ಇದೆ, ಅದನ್ನು ತೆಗೆದು ಗದ್ದೆಗಿಳಿಯುವ ಕೈ ಇಲ್ಲ ಎಂಬುದು ಕವಿತೆಯ ಭಾವ. ಗದ್ದೆಯನ್ನು ಅಣ್ಣ ಮಾರಿದ್ದರು. ಹನ್ನೊಂದನೆಯ ಸಾಲು ಆ ಮಾರಾಟವನ್ನು ಕುರಿತದ್ದು. ತಂದೆಯ ಎರಡನೆಯ ವರ್ಷದ ಪುಣ್ಯಸ್ಮರಣೆಗೆ ತವರಿನಲ್ಲಿ ಬಂಧುಗಳೆಲ್ಲ ಸೇರುವವರಿದ್ದರು. ಅಂದು ಕವಿತೆಯನ್ನು ಓದಬೇಕೆಂಬ ಆಸೆ ಅವರಿಗೆ. ಆ ದಿನಕ್ಕೆ ಇನ್ನು ಐದು ವಾರಗಳಿದ್ದವು.

ಅಪರಿಚಿತರಿಗಿಂತ ಮನೆಯವರಿಗೆ ಕವಿತೆ ತೋರಿಸುವುದೇ ಕಷ್ಟ ಎಂದು ಬಹಳ ಜನ ಹೇಳುತ್ತಾರೆ. ಅದಕ್ಕೆ ಕಾರಣವಿದೆ. ಅಪರಿಚಿತನು ಕವಿತೆಯನ್ನು ಮಾತ್ರ ಕಾಣುತ್ತಾನೆ. ಮನೆಯವರು ಕವಿತೆಯ ಜೊತೆಗೆ ನಮ್ಮ ಮೂವತ್ತು ವರ್ಷಗಳ ಪರಿಚಯವನ್ನೂ ಇಟ್ಟುಕೊಂಡು ಕೇಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದುದನ್ನು ಬಲ್ಲವರು, ಮುನಿಸನ್ನು ಬಲ್ಲವರು, ಶಾಲೆಯನ್ನು ಯಾವ ತರಗತಿಗೆ ಬಿಟ್ಟೆವೆಂಬುದನ್ನು ಬಲ್ಲವರು. ಅವರೆದುರು ಇದುವರೆಗೆ ಕಾಣಿಸದಿದ್ದ ಒಂದು ಮುಖವನ್ನು ಕಾಣಿಸುವುದೆಂದರೆ, ಮನೆಯಲ್ಲಿ ನಮಗೆ ಗೊತ್ತುಮಾಡಿದ್ದ ಜಾಗದಿಂದ ಎದ್ದು ನಿಂತಂತೆ.

ಇಲ್ಲಿ ಎರಡು ಭಾವಗಳನ್ನು ಬೇರ್ಪಡಿಸಬೇಕು. ಅಮೆರಿಕದ ಮನೋವಿಜ್ಞಾನಿ ಹೆಲೆನ್ ಬ್ಲಾಕ್ ಲೂಯಿಸ್ ಅವರು 1971ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ನಾಚಿಕೆಗೂ ತಪ್ಪಿನ ಅರಿವಿಗೂ ಇರುವ ಅಂತರವನ್ನು ವಿವರಿಸಿದರು. ತಪ್ಪಿನ ಅರಿವು ‘ನಾನು ಮಾಡಿದ ಈ ಕೆಲಸ ಸರಿಯಿಲ್ಲ’ ಎನ್ನುತ್ತದೆ. ನಾಚಿಕೆಯು ‘ನಾನೇ ಸರಿಯಿಲ್ಲ’ ಎನ್ನುತ್ತದೆ. ಮೊದಲನೆಯದಕ್ಕೆ ತಿದ್ದುಪಡಿ ಇದೆ. ಎರಡನೆಯದಕ್ಕೆ ಅಡಗಿಕೊಳ್ಳುವುದೊಂದೇ ದಾರಿ. ನಾಚಿಕೆಯಾದಾಗ ಕಿವಿ ಬಿಸಿಯಾಗುವುದು, ದೃಷ್ಟಿ ನೆಲಕ್ಕಿಳಿಯುವುದು, ಧ್ವನಿ ಕುಗ್ಗುವುದು, ಕತ್ತು ಭುಜಗಳು ಮುದುಡುವುದು, ಇವೆಲ್ಲ ಅಡಗಿಕೊಳ್ಳಲು ದೇಹವು ಮಾಡುವ ಸಿದ್ಧತೆಗಳೇ. ಆ ಗೃಹಿಣಿಯ ಎದೆಬಡಿತವೂ ಪುಸ್ತಕವನ್ನು ಅಕ್ಕಿಯ ಡಬ್ಬದ ಹಿಂದೆ ಇಡುವ ಹೊತ್ತಿಗೇ ಹೆಚ್ಚುತ್ತಿತ್ತು.

ಒಳಗಿನ ಟೀಕಾಕಾರನ ಮಾತನ್ನು ಬರೆದುಕೊಳ್ಳುವುದು

‘ಒಳಗೆ ಯಾರೋ ಬೈಯುತ್ತಿರುತ್ತಾರೆ’ ಎಂದರು ಅವರು. ಏನೆಂದು ಬೈಯುತ್ತಾರೆ ಎಂದು ಕೇಳಿದಾಗ ಉತ್ತರ ಬರಲಿಲ್ಲ. ಇದು ಸಾಮಾನ್ಯ. ಒಳಗಿನ ಟೀಕೆ ಎಷ್ಟು ವೇಗವಾಗಿ ಬಂದುಹೋಗುತ್ತದೆಂದರೆ ಮನಸ್ಸಿನಲ್ಲಿ ಅದರ ಮಾತು ಉಳಿಯುವುದಿಲ್ಲ, ಅದರ ಪೆಟ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ ಒಂದು ವಾರದ ಮಟ್ಟಿಗೆ ಆ ಮಾತುಗಳನ್ನು ಬಂದ ರೀತಿಯಲ್ಲಿಯೇ, ಆಡುಮಾತಿನಲ್ಲಿಯೇ ಬರೆದುಕೊಳ್ಳಲು ಹೇಳಿದೆ. ತಿದ್ದಿ ಬರೆಯಬಾರದು, ಉತ್ತರವನ್ನೂ ಬರೆಯಬಾರದು. ಪ್ರತಿಯೊಂದರ ಮುಂದೆ ಅದು ಯಾರ ಧ್ವನಿಯಂತೆ ಕೇಳಿಸಿತೆಂಬುದನ್ನು ಮಾತ್ರ ಗುರುತಿಸಬೇಕು.

ಅವರು ಆರು ವಾಕ್ಯಗಳನ್ನು ತಂದರು. ‘ಇವಳೇನು ದೊಡ್ಡ ಅಕ್ಕಮಹಾದೇವಿಯಾ?’, ‘ಎಂಟನೇ ಕ್ಲಾಸಿಗೆ ಬಿಟ್ಟವಳಿಗೆ ಕವನ ಬೇರೆ ಕೇಡು’, ‘ಅಪ್ಪನ ಸಾವನ್ನ ಇಟ್ಕೊಂಡು ಹೆಸರು ಮಾಡ್ಕೋತಾವ್ಳೆ’, ‘ಪ್ರಾಸಾನೇ ಇಲ್ಲ’, ‘ಹನ್ನೊಂದನೇ ಸಾಲು ಅಣ್ಣನಿಗೆ ಚುಚ್ಚುತ್ತೆ’, ‘ಎಲ್ರೂ ನಗ್ತಾರೆ’. ಮೊದಲನೆಯದು ತೀರಿಹೋದ ಸೋದರತ್ತೆಯೊಬ್ಬರ ಧ್ವನಿ ಎಂದು ಬರೆದಿದ್ದರು. ಎರಡನೆಯದು ಶಾಲೆಯ ಕಾಲದ ಒಂದು ಧ್ವನಿ. ಮೂವತ್ತು ವರ್ಷಗಳ ಹಿಂದೆ ಬೇರೊಂದು ಸಂದರ್ಭದಲ್ಲಿ ಆಡಿದ ಮಾತು ಕವಿತೆಯ ಬಳಿಗೆ ತಾನಾಗಿಯೇ ಬಂದು ನಿಂತಿತ್ತು.

ಹೀಗೆ ಬರೆದುಕೊಳ್ಳುವುದರಿಂದ ಟೀಕೆ ಅಡಗುವುದಿಲ್ಲ. ಅಡಗಿಸುವ ಉದ್ದೇಶವೂ ಇದರಲ್ಲಿಲ್ಲ. ‘ಹಾಗೆಲ್ಲ ಯೋಚಿಸಬೇಡ’ ಎಂದು ಮನಸ್ಸಿಗೆ ಆಜ್ಞೆ ಮಾಡಿದರೆ ಅದೇ ಯೋಚನೆ ಇಮ್ಮಡಿಯಾಗಿ ಬರುವುದನ್ನು ಎಲ್ಲರೂ ಬಲ್ಲರು. ಕಾಗದದ ಮೇಲೆ ಬಂದಾಗ ಮಾತ್ರ ಅದನ್ನು ಪ್ರಶ್ನಿಸಬಹುದು. ನಾನು ಸೂಚಿಸಿದ ಪ್ರಶ್ನೆ ಒಂದೇ: ‘ಯಾವ ಸಾಲು?’ ಕವಿತೆಯನ್ನು ನಿಜವಾಗಿ ಓದಿದವರು ಆಡುವ ಮಾತು ಯಾವುದಾದರೂ ಸಾಲನ್ನು, ಪದವನ್ನು ತೋರಿಸಬಲ್ಲದು. ನಾಚಿಕೆಯ ಮಾತಿಗೆ ಅದು ಸಾಧ್ಯವಿಲ್ಲ, ಏಕೆಂದರೆ ಅದು ಕವಿತೆಯನ್ನು ಓದಿಯೇ ಇಲ್ಲ.

ಈ ಪ್ರಶ್ನೆಯನ್ನು ಆರೂ ವಾಕ್ಯಗಳಿಗೆ ಹಾಕಿದಾಗ ನಾಲ್ಕು ನಿರುತ್ತರವಾದವು. ಅಕ್ಕಮಹಾದೇವಿಯ ಹೋಲಿಕೆ, ಎಂಟನೆಯ ತರಗತಿ, ಹೆಸರು ಮಾಡಿಕೊಳ್ಳುವ ಆಪಾದನೆ, ಜನ ನಗುವ ಭಯ, ಇವು ಯಾವ ಸಾಲಿನ ಮೇಲೂ ನಿಲ್ಲಲಿಲ್ಲ. ‘ಪ್ರಾಸವಿಲ್ಲ’ ಎಂಬುದು ನಿಜ. ಆದರೆ ಅದು ದೋಷವೋ ಅಲ್ಲವೋ ಎಂಬುದನ್ನು ಕವಿತೆಯನ್ನು ಗಟ್ಟಿಯಾಗಿ ಓದಿ ತೀರ್ಮಾನಿಸಬಹುದು. ಉಳಿದದ್ದು ಹನ್ನೊಂದನೆಯ ಸಾಲು. ಅದು ಅಣ್ಣನಿಗೆ ಚುಚ್ಚುತ್ತದೆ ಎಂಬ ಮಾತು ನಾಚಿಕೆಯದಲ್ಲ. ಅದು ಒಬ್ಬ ತಂಗಿಯ ನಿಜವಾದ ಅಳುಕು, ಕವಿತೆಯ ಬಗೆಗಿನ ನಿಜವಾದ ಪ್ರಶ್ನೆ. ಒಳಗಿನ ಟೀಕೆಯನ್ನೆಲ್ಲ ಒಟ್ಟಿಗೆ ತಳ್ಳಿಹಾಕಿಬಿಟ್ಟಿದ್ದರೆ ಇದೂ ಅದರೊಡನೆ ಹೋಗಿಬಿಡುತ್ತಿತ್ತು. ಧೈರ್ಯ ತುಂಬುವ ಹುಮ್ಮಸ್ಸಿನಲ್ಲಿ ಸಲಹೆಗಾರರು ಸಾಮಾನ್ಯವಾಗಿ ಮಾಡುವ ತಪ್ಪು ಇದೇ ಎಂದು ನನಗನ್ನಿಸಿದೆ.

ಅಕ್ಕನ ಹೆಸರಿನ ಆ ಕೊಂಕಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಇದು ಬಹಳ ಕೇಳಿಬರುತ್ತದೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಅಕ್ಕಮಹಾದೇವಿಯೊಬ್ಬರೇ ಇರಲಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನ ಪತ್ನಿ ಲಕ್ಕಮ್ಮ, ನೂಲುವ ಕಾಯಕದ ಕದಿರ ರೆಮ್ಮವ್ವೆ ಮುಂತಾದವರೂ ವಚನಗಳನ್ನು ನುಡಿದಿದ್ದಾರೆ, ತಮ್ಮ ನಿತ್ಯದ ಕೆಲಸದ ಮಾತುಗಳನ್ನೇ ಬಳಸಿ. ಅಕ್ಕನ ಎತ್ತರವನ್ನು ಅಳತೆಗೋಲಾಗಿ ಹಿಡಿದು ಉಳಿದವರ ಬಾಯಿ ಮುಚ್ಚಿಸುವುದು ಆಕೆಗೂ ಗೌರವವಲ್ಲ.

ನಂಜನಗೂಡಿನವರೇ ಆದ ತಿರುಮಲಾಂಬ ಅವರನ್ನೂ ಇಲ್ಲಿ ನೆನೆಯಬಹುದು. 1887ರಲ್ಲಿ ಜನಿಸಿದ ಅವರು ಹದಿನಾಲ್ಕರ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡರು. ವಿಧವೆಯು ಮನೆಯ ಮೂಲೆಯಲ್ಲಿ ಕಾಣದಂತಿರಬೇಕೆಂದು ಸಮಾಜ ವಿಧಿಸಿದ್ದ ಕಾಲವದು. ವಕೀಲರಾಗಿದ್ದ ತಂದೆ ಮಗಳ ಓದಿಗೂ ಬರವಣಿಗೆಗೂ ಬೆಂಬಲವಾಗಿ ನಿಂತರು. 1913ರಲ್ಲಿ ಅವರ ‘ಸುಶೀಲೆ’ ಕಾದಂಬರಿ ಹೊರಬಂದಿತು. ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಅವರು ನಡೆಸಿದರು. ಇದನ್ನು ಆ ಗೃಹಿಣಿಗೆ ಹೇಳಿದ್ದು ಹೋಲಿಕೆಗಾಗಿ ಅಲ್ಲ. ತಿರುಮಲಾಂಬ ಅವರ ಬರವಣಿಗೆಗೆ ಮನೆಯೊಳಗೇ ಆಸರೆಯಾದ ಒಬ್ಬರಿದ್ದರು ಎಂಬುದನ್ನು ತೋರಿಸುವುದಕ್ಕಾಗಿ. ನಮ್ಮ ಮುಂದಿನ ಪ್ರಶ್ನೆಯೂ ಅದೇ ಆಗಿತ್ತು: ಮೊದಲು ಯಾರು ಕೇಳಬೇಕು?

ಮೊದಲ ಕೇಳುಗರು

ಪುಣ್ಯಸ್ಮರಣೆಯ ದಿನ ನಲವತ್ತು ಜನರೆದುರು ಮೊದಲ ಬಾರಿಗೆ ಓದುವುದು ಬೇಡವೆಂದು ನಾನು ಸ್ಪಷ್ಟವಾಗಿ ಹೇಳಿದೆ. ಪ್ರಸಾದದ ವ್ಯವಸ್ಥೆ, ಮಕ್ಕಳ ಗಲಾಟೆ, ಬಂಧುಗಳ ಹಳೆಯ ಲೆಕ್ಕಾಚಾರಗಳ ನಡುವೆ ಕವಿತೆಗೆ ಏನಾದರೂ ಅದಕ್ಕೂ ಕವಿತೆಗೂ ಸಂಬಂಧವಿರುವುದಿಲ್ಲ. ನಾಚಿಕೆ ಮಾತ್ರ ಎಲ್ಲವನ್ನೂ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಮೊದಲ ಕೇಳುಗರು ಕವಿತೆಯನ್ನು ಬಲ್ಲವರೇ ಆಗಬೇಕಿಲ್ಲ. ತಮ್ಮ ಮಾತಿಗಿಂತ ಮೊದಲು ನಮ್ಮ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸವಿರುವವರಾದರೆ ಸಾಕು. ಮನೆಯಲ್ಲಿ ಕನ್ನಡ ಅಧ್ಯಾಪಕರಿದ್ದರೆ ಎಲ್ಲರೂ ಅವರ ಹೆಸರನ್ನೇ ಹೇಳುತ್ತಾರೆ. ಆದರೆ ಅವರು ಕೆಂಪು ಶಾಯಿಯೊಂದಿಗೆ ಕುಳಿತುಕೊಳ್ಳುವ ಸಾಧ್ಯತೆಯೇ ಹೆಚ್ಚು. ತಿದ್ದುವವರು ಬೇಕು, ಮೂರನೆಯ ಓದಿನ ಹೊತ್ತಿಗೆ. ಆ ಗೃಹಿಣಿ ಬಹಳ ಯೋಚಿಸಿ ತಮ್ಮ ಅತ್ತೆಯನ್ನು ಆರಿಸಿಕೊಂಡರು. ನನಗೆ ಅಚ್ಚರಿಯಾಯಿತು. ‘ಅವರು ರಾಗಿ ಕೇರುತ್ತಾ ಕೂತ್ರೆ ಯಾರ ಕತೆಯನ್ನಾದ್ರೂ ಕೊನೆತನಕ ಕೇಳ್ತಾರೆ’ ಎಂದರು.

ಓದುವ ಮೊದಲು ಅವರು ಮೂರು ಊಹೆಗಳನ್ನು ಬರೆದಿಟ್ಟರು. ಪ್ರತಿಯೊಂದನ್ನೂ ನೂರಕ್ಕೆ ಎಷ್ಟು ನಂಬುತ್ತೇನೆಂದು ಅಂಕವನ್ನೂ ಕೊಟ್ಟರು. ‘ಅತ್ತೆ ನಗುತ್ತಾರೆ’, 80. ‘ಪಕ್ಕದ ಮನೆಗೆ ಹೇಳುತ್ತಾರೆ’, 60. ‘ನಡುವೆಯೇ ಎದ್ದು ಹೋಗುತ್ತಾರೆ’, 50. ಹೀಗೆ ಮುಂಚಿತವಾಗಿ ಬರೆಯುವುದು ಅತ್ಯಗತ್ಯ. ಬರೆಯದಿದ್ದರೆ ಆಮೇಲೆ ಏನು ನಡೆದರೂ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಮನಸ್ಸು ಹೇಳಿಬಿಡುತ್ತದೆ.

ಇನ್ನೊಂದು ಮಾತು ಓದುವ ರೀತಿಯನ್ನು ಕುರಿತದ್ದು. ಇದಕ್ಕೆ ನಾನು ಹೆಚ್ಚು ಮಹತ್ವ ಕೊಡುತ್ತೇನೆ. ನಾಚಿಕೆಯಿರುವವರು ಓದುವುದಕ್ಕೆ ಮುನ್ನ ‘ಸುಮ್ನೆ ಗೀಚಿದ್ದು’, ‘ಚೆನ್ನಾಗಿಲ್ಲ, ನಗಬೇಡಿ’ ಎಂದು ಪೀಠಿಕೆ ಹಾಕುತ್ತಾರೆ. ಓದುವಾಗ ತಾವೇ ನಗುತ್ತಾರೆ, ಬೇಗಬೇಗ ಓದಿ ಮುಗಿಸುತ್ತಾರೆ, ಕೆಲವರು ‘ಯಾರೋ ಬರೆದದ್ದು’ ಎಂದೇ ಹೇಳಿಬಿಡುತ್ತಾರೆ. ಸಾಮಾಜಿಕ ಆತಂಕವನ್ನು ಅಧ್ಯಯನ ಮಾಡಿದ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅವರು 1995ರಲ್ಲಿ ಇಂಥ ಆತ್ಮರಕ್ಷಣೆಯ ವರ್ತನೆಗಳೇ ಆತಂಕವನ್ನು ಉಳಿಸುತ್ತವೆಂದು ವಿವರಿಸಿದರು. ಅದು ನಡೆಯುವ ಬಗೆ ಹೀಗೆ. ಕೇಳುವವರು ನಕ್ಕರೆ, ನಗುವಂತೆ ದಾರಿ ತೋರಿದವರು ನಾವೇ ಆಗಿರುತ್ತೇವೆ. ನಗದಿದ್ದರೆ, ‘ಮೊದಲೇ ಹೇಳಿದ್ದರಿಂದ ಕನಿಕರಪಟ್ಟರು’ ಎಂದುಕೊಳ್ಳುತ್ತೇವೆ. ಎರಡೂ ಕಡೆಯಿಂದ ನಾಚಿಕೆಗೇ ಗೆಲುವು. ಕವಿತೆಯನ್ನು ಯಾರೂ ಕೇಳಿಸಿಕೊಂಡಿರುವುದೇ ಇಲ್ಲ.

ಆದ್ದರಿಂದ ಒಂದೇ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡೆವು: ‘ಅತ್ತೆ, ಅಪ್ಪನ ಮೇಲೆ ಹದಿನಾಲ್ಕು ಸಾಲು ಬರ್ದಿದ್ದೀನಿ, ಓದ್ತೀನಿ, ಕೇಳಿ.’ ಕ್ಷಮೆಯೂ ಇಲ್ಲ, ಅಭಿಪ್ರಾಯದ ಬೇಡಿಕೆಯೂ ಇಲ್ಲ. ‘ಹೇಗಿದೆ?’ ಎಂದು ಕೇಳುವುದನ್ನೂ ಮೊದಲ ಓದಿನಲ್ಲಿ ಬಿಡಬೇಕು. ಆ ಪ್ರಶ್ನೆ ಕೇಳುಗರನ್ನು ಪರೀಕ್ಷಕರನ್ನಾಗಿ ಮಾಡುತ್ತದೆ, ಪಾಪ, ಅವರಿಗೂ ಅದು ಸಂಕಟವೇ. ಪ್ರತಿ ನಾಲ್ಕು ಸಾಲಿಗೊಮ್ಮೆ ಉಸಿರು ಪೂರ್ತಿ ಹೊರಬಿಡಬೇಕೆಂದು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡರು. ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಧ್ವನಿಯೂ ನಿಲ್ಲುತ್ತದೆ.

ನಡೆದದ್ದೇನು? ಅತ್ತೆ ನಗಲಿಲ್ಲ, ಏಳಲೂ ಇಲ್ಲ. ಮೊರವನ್ನು ಕೆಳಗಿಟ್ಟು ‘ಇನ್ನೊಂದ್ಸಲ ಓದವ್ವ’ ಎಂದರಂತೆ. ಎರಡನೆಯ ಊಹೆ ಮಾತ್ರ ನಿಜವಾಯಿತು. ಸಂಜೆಯ ಹೊತ್ತಿಗೆ ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿತ್ತು. ಅವರೂ ಬಂದು ‘ನಮ್ಮಮ್ಮನ ಮೇಲೂ ಒಂದ್ ಬರ್ಕೊಡು’ ಎಂದು ಕೇಳಿಹೋದರು. ಊಹೆ ಸರಿಯಾಗಿಯೂ ಅದಕ್ಕೆ ಅಂಟಿಕೊಂಡಿದ್ದ ಅನಾಹುತ ನಡೆಯಲಿಲ್ಲ. ಇವೆರಡನ್ನೂ ಪ್ರತ್ಯೇಕವಾಗಿ ದಾಖಲಿಸುವುದು ಒಳ್ಳೆಯದು.

ಪತಿಯ ಪ್ರಸಂಗ ಬೇರೆಯಾಯಿತು. ಅವರು ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತಾಗ ಓದಿದರಂತೆ. ಅವರು ಕೇಳಿ, ‘ಇದೆಲ್ಲಾ ಯಾವಾಗ ಬರ್ದೆ?’ ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು. ‘ಕೆಲಸ ಬಿಟ್ಟು ಇದನ್ನು ಮಾಡುತ್ತಿದ್ದೀಯಾ’ ಎಂದೇ ಅದರ ಅರ್ಥವೆಂದು ಈಕೆ ಎರಡು ರಾತ್ರಿ ನಿದ್ದೆಗೆಟ್ಟರು. ನಾಚಿಕೆಯ ಕೆಲಸ ಹೆಚ್ಚಾಗಿ ನಡೆಯುವುದು ಓದುವಾಗ ಅಲ್ಲ, ಓದಿದ ನಂತರ. ಒಂದು ಮಾತನ್ನು ಹಿಡಿದು, ಅದರ ಹಲವು ಅರ್ಥಗಳಲ್ಲಿ ಅತ್ಯಂತ ಕಹಿಯಾದುದನ್ನು ಆರಿಸಿ, ಅದನ್ನೇ ತಿರುಗಿಸುತ್ತಾ ಕೂರುತ್ತದೆ. ಇದಕ್ಕೆ ಒಳಗಿನಿಂದ ಪರಿಹಾರವಿಲ್ಲ, ಕೇಳಿಯೇ ತಿಳಿಯಬೇಕು. ಮೂರನೆಯ ದಿನ ಕೇಳಿದರು: ‘ರೀ, ಯಾವಾಗ ಬರ್ದೆ ಅಂದ್ರಲ್ಲ, ಬೇಜಾರಾಯ್ತಾ?’ ಅವರ ಉತ್ತರ: ‘ಇಲ್ಲ ಕಣೇ. ನಾನು ಮನೇಲೇ ಇದ್ದೀನಿ, ನನಗೆ ಗೊತ್ತೇ ಆಗ್ಲಿಲ್ವಲ್ಲ ಅಂತ.’ ಊಟದ ಹೊತ್ತನ್ನು ಆರಿಸಿಕೊಂಡದ್ದು ಸರಿಯಾಗಲಿಲ್ಲವೆಂದೂ ಈಕೆಗೆ ಆಗ ಅನ್ನಿಸಿತು. ಹಸಿದು ಬಂದವರಿಗೆ ಕವಿತೆ ಕೇಳಿಸುವುದು ಕೇಳುವವರ ಮೇಲಿನ ಅನ್ಯಾಯವೇ.

ನಮ್ಮ ಒಳಗಿನ ತಳಮಳ ಇತರರಿಗೆ ನಾವೆಣಿಸಿದಷ್ಟು ಕಾಣುವುದಿಲ್ಲ. ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರ ತರುವ ಚಿತ್ರವಿದ್ದ ಅಂಗಿಯನ್ನು ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೋಣೆಗೆ ಕಳುಹಿಸಲಾಯಿತು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗಮನಿಸಿರಬೇಕೆಂದು ಅವರು ಎಣಿಸಿದರು. ವಾಸ್ತವವಾಗಿ ಗಮನಿಸಿದವರು ಅದರ ಅರ್ಧದಷ್ಟೇ. ಆದರೆ ಆ ಕೋಣೆಯಲ್ಲಿದ್ದವರು ಮನೆಯವರಲ್ಲ. ಮನೆಯವರು ಹೆಚ್ಚು ಗಮನಿಸುತ್ತಾರೆ, ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ಆದ್ದರಿಂದ ಈ ಪ್ರಯೋಗದ ಸಮಾಧಾನವನ್ನು ಮನೆಯ ಮಟ್ಟಿಗೆ ಸ್ವಲ್ಪ ಕಡಿಮೆಯಾಗಿಯೇ ತೆಗೆದುಕೊಳ್ಳಬೇಕು.

ಹನ್ನೊಂದನೆಯ ಸಾಲು

ಅಣ್ಣನ ವಿಷಯ ಉಳಿಯಿತು. ಅವರ ಎದುರಿನಲ್ಲಿ ಮಾತ್ರ ಓದಬೇಕೆ, ಸಾಲನ್ನು ತೆಗೆಯಬೇಕೆ, ಅಥವಾ ಪುಣ್ಯಸ್ಮರಣೆಯಂದು ಎಲ್ಲರೆದುರು ಓದಬೇಕೆ? ಇದು ನಾಚಿಕೆಯ ಪ್ರಶ್ನೆಯಲ್ಲವಾದ್ದರಿಂದ ಮೇಲಿನ ಯಾವ ಅಭ್ಯಾಸವೂ ಇದಕ್ಕೆ ಉತ್ತರ ಕೊಡುವುದಿಲ್ಲ. ಕವಿತೆಯಲ್ಲಿ ಬರುವ ವ್ಯಕ್ತಿ ಬದುಕಿರುವಾಗ, ಅವರ ಬಗ್ಗೆ ಬರೆದದ್ದನ್ನು ಇತರರಿಗಿಂತ ಮೊದಲು ಅವರಿಗೇ ತೋರಿಸುವುದು ನ್ಯಾಯವೆಂದು ಮಾತ್ರ ನಾನು ಹೇಳಿದೆ. ಸಾಲನ್ನು ತೆಗೆಯುವ ತೀರ್ಮಾನ ಬರೆದವರದು.

ಎಲ್ಲ ಮನೆಗಳಿಗೂ ಈ ದಾರಿ ಹೊಂದುವುದಿಲ್ಲ. ಬರೆದುದಕ್ಕಾಗಿ ಬೈಗುಳ, ಹೊಡೆತ, ಪುಸ್ತಕ ಸುಡುವುದು ಇವುಗಳ ಅನುಭವವಿರುವವರ ಹಿಂಜರಿಕೆ ನಾಚಿಕೆಯಲ್ಲ, ಎಚ್ಚರಿಕೆ. ಅಂಥವರು ಮನೆಯ ಹೊರಗಿನ ಒಬ್ಬ ಗೆಳತಿಯನ್ನೋ ಶಿಕ್ಷಕಿಯನ್ನೋ ಮೊದಲ ಕೇಳುಗರಾಗಿ ಆರಿಸುವುದು ವಿವೇಕ. ನಾಚಿಕೆಯು ಕವಿತೆಗಷ್ಟೇ ಸೀಮಿತವಾಗದೆ ಅಂಗಡಿಗೆ ಹೋಗುವುದು, ಫೋನಿನಲ್ಲಿ ಮಾತಾಡುವುದು, ಬಂಧುಗಳ ಮನೆಯಲ್ಲಿ ಊಟ ಮಾಡುವುದು ಇವುಗಳನ್ನೂ ತಡೆಯುತ್ತಿದ್ದರೆ, ಅಥವಾ ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ, ಬದುಕೇ ಬೇಡವೆನಿಸಿದರೆ, ಈ ಅಭ್ಯಾಸಗಳನ್ನು ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಆ ಗೃಹಿಣಿ ಪುಣ್ಯಸ್ಮರಣೆಗೆ ಎರಡು ದಿನ ಮೊದಲೇ ತವರಿಗೆ ಹೋದರು. ನಂಜನಗೂಡನ್ನು ಹಾದು ಸುತ್ತೂರಿನ ಬಳಿ ಹರಿದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಪಿಲೆ ಅವರ ಎರಡೂ ಮನೆಗಳಿಗೆ ಒಂದೇ ನದಿ. ಸಂಗಮದ ಮೆಟ್ಟಿಲ ಮೇಲೆ ಅಣ್ಣನೊಬ್ಬರಿಗೇ ಓದಿದರಂತೆ. ಹನ್ನೊಂದನೆಯ ಸಾಲನ್ನು ತೆಗೆದಿರಲಿಲ್ಲ, ಒಂದು ಪದವನ್ನು ಬದಲಿಸಿದ್ದರು. ‘ಮಾರಿದ’ ಎಂಬಲ್ಲಿ ‘ಮಾರಿದೆವು’ ಎಂದಾಗಿತ್ತು. ಮಾರಾಟದ ಹಣದಲ್ಲಿ ತಮ್ಮ ಮಗಳ ಕಾಲೇಜಿನ ಶುಲ್ಕವೂ ಇತ್ತೆಂಬುದು ಬರೆಯುವಾಗ ಅವರಿಗೆ ಮರೆತಿತ್ತು.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕುಡ್ಲು ಈಗ ತೊಲೇಲಿಲ್ಲ ಕಣವ್ವ’ ಎಂದರಂತೆ. ‘ತುಕ್ಕು ಹಿಡೀತಿತ್ತು. ಎಣ್ಣೆ ಹಚ್ಚಿ, ಅಪ್ಪಯ್ಯನ ಪಂಚೇಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೀನಿ. ಯಾರ್ಗೂ ಹೇಳಿರ್ಲಿಲ್ಲ.’

ಕವಿತೆಗೆ ಈಗ ಹದಿನೈದನೆಯ ಸಾಲೊಂದು ಸೇರಿದೆ. ಪುಣ್ಯಸ್ಮರಣೆಯ ದಿನ ಅದನ್ನು ಓದಿದವರು ಅಣ್ಣ.